ಪೆಟ್ಟಿಗೆಯಲ್ಲಿರುವ ಚಿನ್ನ ಯಾರದು?

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದೆಂದು ಮದ್ರಸದ ಮಕ್ಕಳಲ್ಲಿ ಕೇಳಿದರೆ ಅವರು ಥಟ್ಟನೆ ಉತ್ತರಿಸುತ್ತಾರೆ: ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತ. ಅದರ ವಿಷಯವೇನೆಂದು ಮರುಪ್ರಶ್ನೆ ಹಾಕಿದರೆ ಹಿರಿಯರೂ ಸ್ವಲ್ಪ ತಡೆಯುತ್ತಾರೆ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೇ ಇರಲಿ ದೊಡ್ಡದೇ ಇರಲಿ ಬರೆಯಲು ಬೇಸರಪಡಬಾರದು ಎಂಬುದೇ ಅದರ ಸಾರ. ನಾವು ಈ ಸೂಕ್ತವನ್ನು ಇಂಪಾಗಿ ಓದುತ್ತೇವೆ. ಆದರೆ ನಮ್ಮ ಮನೆಯ ಕಪಾಟಿನಲ್ಲಿ, ಸೀರೆಯ ಮಡಿಕೆಯ ನಡುವೆ, ಬಿಸ್ಕತ್ತಿನ ಡಬ್ಬಿಯಲ್ಲಿ ಇರುವ ಚಿನ್ನದ ಬಗ್ಗೆ ಒಂದು ಸಾಲನ್ನಾದರೂ ಬರೆದಿಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ಅಂತಹ ಒಂದು ಡಬ್ಬಿಯ ಕುರಿತೇ ಇಲ್ಲಿ ಹೇಳಬೇಕೆಂದಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕರಾವಳಿಯ ಒಂದು ಮನೆಯಲ್ಲಿ ತಾಯಿ ತೀರಿಕೊಂಡರು. ಮೂರು ವಾರಗಳ ನಂತರ ಅವರ ಪತಿ, ಮಗ ಮತ್ತು ಮಗಳು ಒಂದು ಹಳೆಯ ಡಬ್ಬಿಯನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದರು. "ಉಸ್ತಾದರೇ, ಶರೀಅತ್ ಪ್ರಕಾರ ಹಂಚಿಕೊಡಿ" ಎಂದರು ಆ ಹಿರಿಯರು. ಡಬ್ಬಿಯಲ್ಲಿ ಕೆಂಪು ಕಲ್ಲಿನ ಒಂದು ನೆಕ್ಲೇಸ್, ಆರು ಬಳೆ, ಒಂದು ಸರ, ಕಾಗದದಲ್ಲಿ ಸುತ್ತಿದ ಒಂದು ಜೊತೆ ಕಿವಿಯೋಲೆ ಮತ್ತು ಮಡಚಿದ ಒಂದು ಬಿಲ್ಲು ಇದ್ದವು. ಬಿಲ್ಲನ್ನು ಬಿಡಿಸಿ ನೋಡಿದರೆ ಖಾಲಿ ಕಾಗದ! ಅಂಗಡಿಯ ಯಂತ್ರದಿಂದ ಹೊರಬರುವ ಆ ನುಣುಪು ಕಾಗದದ ಮೇಲಿನ ಅಕ್ಷರಗಳು ಶಾಯಿಯಿಂದ ಬರೆದವಲ್ಲ, ಬಿಸಿಯಿಂದ ಮೂಡಿದವು. ಕೆಲವೇ ವರ್ಷಗಳಲ್ಲಿ ಅವು ಮಾಸಿ ಹೋಗುತ್ತವೆ. ಖರೀದಿಸಿದ ವಾರದಲ್ಲಿಯೇ ಅದರ ಜೆರಾಕ್ಸ್ ಮಾಡಿಸಿದ್ದರೆ ಬಿಲ್ಲು ಉಳಿಯುತ್ತಿತ್ತು.

ಹಂಚುವುದಕ್ಕೆ ಮೊದಲು ನಾನು ಕೇಳಿದ ಪ್ರಶ್ನೆ ಒಂದೇ: ಇವೆಲ್ಲ ಮರ್ಹೂಮರದ್ದೇ ಹೌದೇ? ಹಿರಿಯರು "ಹೌದು" ಎಂದರು. ಮಗಳು ತಲೆ ತಗ್ಗಿಸಿ, "ಎರಡು ಬಳೆ ನನ್ನವು ಎಂದು ಉಮ್ಮ ಹೇಳುತ್ತಿದ್ದರು" ಎಂದಳು. ಮಗನು, "ಸರ ನನ್ನ ಹೆಂಡತಿಯದು, ಮಹ್ರ್ ಆಗಿ ಕೊಟ್ಟದ್ದು, ಜೋಪಾನಕ್ಕೆಂದು ಉಮ್ಮನ ಬಳಿ ಇಟ್ಟಿದ್ದಳು" ಎಂದನು. ಕಿವಿಯೋಲೆಯ ಬಗ್ಗೆ ಮೂವರಿಗೂ ಏನೂ ತಿಳಿದಿರಲಿಲ್ಲ. ಸುತ್ತಿದ ಕಾಗದದ ಮೇಲೆ ಒಂದು ಅಕ್ಷರ ಮಾತ್ರ ಬರೆದಿತ್ತು.

ಓದುಗರು ಗಮನಿಸಬೇಕು. ಇವರು ಕೆಟ್ಟವರಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಆದರೂ ಒಂದು ಡಬ್ಬಿಯ ಎದುರು ನಾಲ್ಕು ಹಕ್ಕುಗಳು ಎದ್ದು ನಿಂತವು. ಒಡವೆಗಳ ಪಟ್ಟಿ ಎಂದಾಗ ನಮಗೆ ಕಳ್ಳರ ಭಯ ನೆನಪಾಗುತ್ತದೆ, ತೂಕ ಮತ್ತು ಬೆಲೆ ನೆನಪಾಗುತ್ತದೆ. ಆ ಪಟ್ಟಿಯ ಮೊದಲ ಅಂಕಣ "ಯಾರದು" ಎಂದೂ ಎರಡನೆಯದು "ಹೇಗೆ ಬಂತು" ಎಂದೂ ಇರಬೇಕು. ಇಸ್ಲಾಮಿನಲ್ಲಿ ಪತ್ನಿಯ ಆಸ್ತಿ ಪತಿಯದಲ್ಲ, ಸೊಸೆಯ ಮಹ್ರ್ ಅತ್ತೆಯದಲ್ಲ. ಒಂದೇ ಡಬ್ಬಿಯಲ್ಲಿ ಇಟ್ಟ ಮಾತ್ರಕ್ಕೆ ಒಡೆತನ ಬೆರೆತು ಹೋಗುವುದಿಲ್ಲ. ಪತಿಯು ಪತ್ನಿಗೆ ತಂದ ಬಳೆ ಕೊಡುಗೆಯೋ ಅಥವಾ ಮದುವೆಯ ಮನೆಗೆ ಧರಿಸಿಕೊಂಡು ಹೋಗಲು ಕೊಟ್ಟದ್ದೋ ಎಂಬುದು ತಂದ ದಿನ ಇಬ್ಬರಿಗೂ ತಿಳಿದಿರುತ್ತದೆ, ಒಬ್ಬರು ತೀರಿಕೊಂಡ ದಿನ ಯಾರಿಗೂ ತಿಳಿದಿರುವುದಿಲ್ಲ.

ಸರದ ವಿಷಯ ಸುಲಭವಾಗಿ ಬಗೆಹರಿಯಿತು. ಜಮಾಅತಿನ ನಿಕಾಹ್ ರಿಜಿಸ್ಟರಿನಲ್ಲಿ 2019ರ ಆ ಪುಟವನ್ನು ತೆಗೆದೆವು. ಮಹ್ರ್ ಮೂರು ಪವನ್ ಚಿನ್ನ ಎಂದು ದಾಖಲಾಗಿತ್ತು. ಪವನಿಗೆ 8 ಗ್ರಾಂ, ಮೂರಕ್ಕೆ 24. ಸರವನ್ನು ತೂಗಿದಾಗ 23.940 ಗ್ರಾಂ ಬಂತು. ನಿತ್ಯ ಧರಿಸಿದ ಒಡವೆ ಸ್ವಲ್ಪ ಸವೆಯುವುದು ಸಹಜ. ಹೆಂಡತಿಯ ಕೈಯಲ್ಲಿ ಒಂದು ಕಾಗದವೂ ಇಲ್ಲದಿದ್ದರೂ ರಿಜಿಸ್ಟರಿನ ಒಂದು ಸಾಲು ಅವಳ ಹಕ್ಕನ್ನು ಕಾಪಾಡಿತು.

ಕಿವಿಯೋಲೆಗೆ ಒಂದು ವಾರ ಕಾಯಬೇಕಾಯಿತು. ಅದೇ ಓಣಿಯ ಒಬ್ಬ ಸಹೋದರಿ ನಮ್ಮ ಮನೆಯವರ ಮೂಲಕ ಹೇಳಿ ಕಳುಹಿಸಿದರು. ಮಗಳ ಮದುವೆಗೆಂದು ಕೂಡಿಟ್ಟ ಆ ಓಲೆಯನ್ನು ಮರ್ಹೂಮರ ಬಳಿ ಅಮಾನತ್ ಇಟ್ಟಿದ್ದರಂತೆ, ಸಾವಿನ ಮನೆಗೆ ಹೋಗಿ ಕೇಳಲು ಸಂಕೋಚವಾಯಿತಂತೆ. ಗುರುತು ಏನೆಂದು ವಿಚಾರಿಸಿದೆ. "ಒಂದು ಪವನ್ ಇರಬಹುದು, ಬಲಗಿವಿಯ ತಿರುಪು ಕಳೆದು ಹೋಗಿ ಬೆಳ್ಳಿಯದ್ದು ಹಾಕಿಸಿದ್ದೇವೆ" ಎಂದರು. ನೋಡಿದರೆ ಒಂದು ತಿರುಪು ಬೆಳ್ಳಿಯದ್ದೇ ಆಗಿತ್ತು. ಆ ತಿರುಪು ಕಳೆಯದೆ ಇದ್ದಿದ್ದರೆ ನಾವು ಏನು ಮಾಡುತ್ತಿದ್ದೆವೋ ಅಲ್ಲಾಹನೇ ಬಲ್ಲ. ಆದ್ದರಿಂದಲೇ ಪಟ್ಟಿಯಲ್ಲಿ ಒಡವೆಯ ಅಂದವನ್ನು ವರ್ಣಿಸುವುದಕ್ಕಿಂತ ಅದರ ಊನವನ್ನು ಬರೆಯಿರಿ ಎನ್ನುತ್ತೇನೆ: ಬೆಸುಗೆ ಹಾಕಿದ ಜಾಗ, ಬಿದ್ದುಹೋದ ಕಲ್ಲು, ಬದಲಾಯಿಸಿದ ಕೊಕ್ಕೆ. ಒಂದೇ ಮಾದರಿಯ ಬಳೆ ನೂರು ಮನೆಯಲ್ಲಿರುತ್ತದೆ, ಅದೇ ಊನವಿರುವ ಬಳೆ ಇನ್ನೊಂದು ಮನೆಯಲ್ಲಿರುವುದು ಅಪರೂಪ. ಕಳವಾದರೆ ಪೊಲೀಸರಿಗೆ ಕೊಡಲಿಕ್ಕೂ ಇದೇ ಉಪಯೋಗಕ್ಕೆ ಬರುತ್ತದೆ.

ಉಳಿದದ್ದು ನೆಕ್ಲೇಸ್ ಮತ್ತು ಆರು ಬಳೆ. ಮಗಳ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಲೆಕ್ಕ ನೋಡೋಣ. ಮರಣ ಹೊಂದಿದ ಸ್ತ್ರೀಗೆ ಪತಿ, ಒಬ್ಬ ಮಗ, ಒಬ್ಬ ಮಗಳು ಇದ್ದಾಗ, ಸಾಲ ಮತ್ತು ವಸಿಯ್ಯತ್ ತೀರಿಸಿದ ಮೇಲೆ ಪತಿಗೆ ನಾಲ್ಕನೇ ಒಂದು ಪಾಲು. ಉಳಿದುದರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಅಂದರೆ ಒಟ್ಟಿನಲ್ಲಿ ಮಗನಿಗೆ ಅರ್ಧ, ತಂದೆಗೂ ಮಗಳಿಗೂ ಸೇರಿ ಅರ್ಧ. ಮಗನು ತಕ್ಕಡಿಯ ಲೆಕ್ಕ ಹಾಕಿ ಬಂದಿದ್ದನು. ನೆಕ್ಲೇಸ್ 46.300 ಗ್ರಾಂ, ಬಳೆ ಒಂದಕ್ಕೆ 12ರಂತೆ ಆರಕ್ಕೆ 72 ಗ್ರಾಂ, ಒಟ್ಟು 118.300. "ನಾನು ಐದು ಬಳೆ ತೆಗೆದುಕೊಳ್ಳುತ್ತೇನೆ, 60 ಗ್ರಾಂ ಆಯಿತು. ನೆಕ್ಲೇಸ್ ಮತ್ತು ಒಂದು ಬಳೆ ಬಾಪನಿಗೂ ತಂಗಿಗೂ ಇರಲಿ, 58 ಗ್ರಾಂ ಚಿಲ್ಲರೆ. ಒಂದೆರಡು ಗ್ರಾಂ ವ್ಯತ್ಯಾಸಕ್ಕೆ ಹಣ ಕೊಡುತ್ತೇನೆ" ಎಂದನು. ಮೇಲ್ನೋಟಕ್ಕೆ ಇದರಲ್ಲಿ ಅನ್ಯಾಯವೇನೂ ಕಾಣಿಸುವುದಿಲ್ಲ.

ಇಲ್ಲಿ ನನಗೆ ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ಹದೀಸ್ ನೆನಪಾಯಿತು. ಫಳಾಲ ಬಿನ್ ಉಬೈದ್(ರ) ಎಂಬ ಸಹಾಬಿಯು ಖೈಬರಿನಲ್ಲಿ ಹನ್ನೆರಡು ದೀನಾರಿಗೆ ಒಂದು ಹಾರವನ್ನು ಖರೀದಿಸಿದರು. ಅದರಲ್ಲಿ ಚಿನ್ನವೂ ಮಣಿಗಳೂ ಇದ್ದವು. ಅವುಗಳನ್ನು ಬೇರ್ಪಡಿಸಿ ನೋಡಿದಾಗ ಚಿನ್ನವೊಂದೇ ಹನ್ನೆರಡು ದೀನಾರಿಗಿಂತ ಹೆಚ್ಚು ಇತ್ತು. ಇದನ್ನು ಪ್ರವಾದಿವರ್ಯರಿಗೆ(ಸ) ತಿಳಿಸಿದಾಗ, ಬೇರ್ಪಡಿಸದೆ ಅಂತಹ ಹಾರವನ್ನು ಮಾರಬಾರದೆಂದು ಅವರು ಆದೇಶಿಸಿದರು. ಮಣಿಯ ತೂಕ ಬೇರೆ, ಚಿನ್ನದ ತೂಕ ಬೇರೆ ಎಂಬ ಈ ಪಾಠ ಹದಿನಾಲ್ಕು ಶತಮಾನಗಳಷ್ಟು ಹಳೆಯದು. ನಮ್ಮ ಅಂಗಡಿಗಳ ಬಿಲ್ಲಿನಲ್ಲಿ ಇಂದು ಅದನ್ನು ಗ್ರಾಸ್ ತೂಕ, ನೆಟ್ ತೂಕ ಎಂದು ಬರೆಯುತ್ತಾರೆ.

ಮೂವರ ಒಪ್ಪಿಗೆ ಪಡೆದು ಎರಡನ್ನೂ ಅಕ್ಕಸಾಲಿಗರ ಬಳಿಗೆ ಕೊಂಡು ಹೋದೆವು. ಅವರು ನೆಕ್ಲೇಸಿನ ಕಲ್ಲುಗಳನ್ನು ಬಿಡಿಸಿ, ಒಳಗೆ ತುಂಬಿದ ಅರಗನ್ನು ತೆಗೆದು, ದಾರವನ್ನು ಬೇರ್ಪಡಿಸಿ ತೂಗಿದರು. ಇವೆಲ್ಲ ಸೇರಿ 9.100 ಗ್ರಾಂ. ಕಲ್ಲುಗಳೆಲ್ಲ ಗಾಜಿನವು. ಉಳಿದ ಚಿನ್ನ 37.200 ಗ್ರಾಂ, ಕೊಕ್ಕೆಯ ಬಳಿ 916ರ ಹಾಲ್‌ಮಾರ್ಕ್ ಇತ್ತು. ಅಂದರೆ 22 ಕ್ಯಾರೆಟ್, 24 ಭಾಗಗಳಲ್ಲಿ 22 ಭಾಗ ಅಪ್ಪಟ ಚಿನ್ನ. ಬಳೆಗಳಲ್ಲಿ ಕಲ್ಲಿಲ್ಲ, ಆದರೆ ಮುದ್ರೆಯೂ ಇಲ್ಲ. ಮರ್ಹೂಮರ ಮದುವೆಯ ಕಾಲದಲ್ಲಿ ಮನೆಯ ಹಳೆಯ ಚಿನ್ನ ಕರಗಿಸಿ ಮಾಡಿಸಿದವು. ಮನೆಯವರೆಲ್ಲ ಅವನ್ನು 22 ಕ್ಯಾರೆಟ್ ಎಂದೇ ನಂಬಿದ್ದರು. ಒರೆಗಲ್ಲಿಗೆ ಉಜ್ಜಿ, ನಂತರ ಕ್ಯಾರೆಟ್ ಮೀಟರಿನಲ್ಲಿ ನಾಲ್ಕು ಕಡೆ ಇಟ್ಟು ನೋಡಿದಾಗ 20 ಕ್ಯಾರೆಟ್ ಎಂದು ತಿಳಿಯಿತು. ಒಂದೇ ಕಡೆ ನೋಡಿದರೆ ಸಾಲದೇ ಎಂದು ಕೇಳಿದೆ. ಮೀಟರು ಮೇಲ್ಪದರವನ್ನು ಮಾತ್ರ ನೋಡುತ್ತದೆ, ಬೆಸುಗೆಯ ಜಾಗದಲ್ಲಿ ಒಂದು ಅಂಕೆ ತೋರಿಸಿದರೆ ಬದಿಯಲ್ಲಿ ಇನ್ನೊಂದು ತೋರಿಸುತ್ತದೆ, ಲೇಪ ಹಾಕಿದ್ದರೆ ಪೂರ್ತಿ ಮೋಸವಾಗುತ್ತದೆ ಎಂದರು.

ಈಗ ಲೆಕ್ಕ ನೋಡಿ. ನೆಕ್ಲೇಸಿನ 37.200 ಗ್ರಾಂನಲ್ಲಿ ಅಪ್ಪಟ ಚಿನ್ನ 34.1 ಗ್ರಾಂ. ಬಳೆಗಳ 72 ಗ್ರಾಂನಲ್ಲಿ ಅಪ್ಪಟ ಚಿನ್ನ 60 ಗ್ರಾಂ, ಅಂದರೆ ಒಂದು ಬಳೆಗೆ 10. ಒಟ್ಟು 94.1 ಗ್ರಾಂ. ಇದರಲ್ಲಿ ಮಗನಿಗೆ ಸಲ್ಲಬೇಕಾದದ್ದು ಸುಮಾರು 47 ಗ್ರಾಂ, ತಂದೆಗೆ 23.5, ಮಗಳಿಗೆ 23.5. ಮಗನ ಮೊದಲ ಹಂಚಿಕೆಯಂತೆ ನಡೆದಿದ್ದರೆ ಅವನಿಗೆ ಐದು ಬಳೆಯ 50 ಗ್ರಾಂ, ತಂದೆ ಮಗಳಿಬ್ಬರಿಗೂ ಸೇರಿ 44.1 ಗ್ರಾಂ ಹೋಗುತ್ತಿತ್ತು. ಸುಮಾರು ಮೂರು ಗ್ರಾಂ ಅಪ್ಪಟ ಚಿನ್ನ ಒಬ್ಬರಿಂದ ಇನ್ನೊಬ್ಬರಿಗೆ ಯಾರ ಅರಿವಿಗೂ ಬಾರದೆ ಜಾರುತ್ತಿತ್ತು, ತಕ್ಕಡಿ ಮಾತ್ರ ಸರಿಯಾಗಿಯೇ ಇತ್ತು! ಇದನ್ನು ಕಂಡು ಆ ಯುವಕನೇ ಬೆಚ್ಚಿಬಿದ್ದನು.

ತೂಕ ಬರೆಯುವಾಗ ಆಗುವ ಇನ್ನೊಂದು ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಲವು ಬಿಲ್ಲುಗಳಲ್ಲಿ ವೇಸ್ಟೇಜ್ ಎಂಬುದನ್ನು ಗ್ರಾಂ ಲೆಕ್ಕದಲ್ಲಿಯೇ ಸೇರಿಸುತ್ತಾರೆ. ಸರ 24 ಗ್ರಾಂ, ವೇಸ್ಟೇಜ್ 2.400, ಒಟ್ಟು 26.400 ಎಂದಿರುತ್ತದೆ. ಹಣ ಕೊಟ್ಟದ್ದು ಕೊನೆಯ ಅಂಕೆಗೆ. ಆದ್ದರಿಂದ ಮನೆಯ ಪುಸ್ತಕದಲ್ಲಿಯೂ ಅದನ್ನೇ ಬರೆದುಕೊಳ್ಳುತ್ತೇವೆ. ಕುತ್ತಿಗೆಯಲ್ಲಿರುವುದು 24 ಗ್ರಾಂ ಮಾತ್ರ. ಹಾಗೆಯೇ ತೊಲ ಎಂದು ಬರೆಯಬೇಡಿ. ಕೆಲವರಿಗೆ ತೊಲ ಎಂದರೆ 11.664 ಗ್ರಾಂ, ಕೆಲವರು 10 ಗ್ರಾಂ ಅನ್ನೇ ತೊಲ ಎನ್ನುತ್ತಾರೆ. ಗ್ರಾಂನಲ್ಲಿ ಬರೆದು, ನೆಟ್ ಎಷ್ಟು ಗ್ರಾಸ್ ಎಷ್ಟು ಎಂದು ಪ್ರತ್ಯೇಕವಾಗಿ ತೋರಿಸಿದರೆ ಗೊಂದಲವಿರುವುದಿಲ್ಲ.

ಶುದ್ಧತೆಯ ಅಂಕಣದಲ್ಲಿ ಅಂಗಡಿಯವರ ಮಾತನ್ನು ಬರೆಯಬೇಡಿ, ಒಡವೆಯ ಮೇಲಿನ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ ಇದ್ದುದನ್ನು ಇದ್ದಂತೆ ಬರೆಯಿರಿ. 2021ರ ಜುಲೈಯಿಂದ ಹಾಲ್‌ಮಾರ್ಕ್ ಎಂದರೆ ಬಿಐಎಸ್ ಲಾಂಛನ, ಶುದ್ಧತೆಯ ಅಂಕೆ ಮತ್ತು ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕೆಗಳ ಗುರುತು. ಈ ಗುರುತು ಪ್ರತಿಯೊಂದು ಒಡವೆಗೂ ಬೇರೆ ಬೇರೆ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಇದನ್ನು ಹಾಕಿದರೆ ಒಡವೆಯ ವಿಧ ಮತ್ತು ಶುದ್ಧತೆ ತೋರಿಸುತ್ತದೆ. ಅದಕ್ಕೆ ಮೊದಲಿನ ಹಾಲ್‌ಮಾರ್ಕ್ ಒಡವೆಗಳಲ್ಲಿ ಎಚ್‌ಯುಐಡಿ ಇಲ್ಲ, ಹಾಗೆಂದು ಅವು ಸುಳ್ಳಲ್ಲ. ಕೆಡಿಎಂ ಎಂಬುದಂತೂ ಬೆಸುಗೆಯ ವಿಧಾನದ ಹೆಸರು, ಶುದ್ಧತೆಯ ಪ್ರಮಾಣವಲ್ಲ. ಮುದ್ರೆಯೇ ಇಲ್ಲದಿದ್ದರೆ "ಮುದ್ರೆಯಿಲ್ಲ, ಪರೀಕ್ಷಿಸಿಲ್ಲ" ಎಂದು ಬರೆದರೆ ಸಾಕು. ಅದು ಅನುಮಾನದಿಂದ 22 ಎಂದು ಬರೆಯುವುದಕ್ಕಿಂತ ಹೆಚ್ಚು ಪ್ರಾಮಾಣಿಕವಾದುದು.

ಝಕಾತಿನ ವಿಷಯವೂ ಈ ಅಂಕಣಗಳನ್ನೇ ಅವಲಂಬಿಸಿದೆ. ಹನಫಿ ಮದ್‌ಹಬ್‌ನಲ್ಲಿ ಧರಿಸುವ ಒಡವೆಗೂ ಝಕಾತ್ ಇದೆ, ಚಿನ್ನದ ನಿಸಾಬ್ ಏಳೂವರೆ ತೊಲ, ಅಂದರೆ 87.48 ಗ್ರಾಂ. ಶಾಫಿಈ ಮದ್‌ಹಬ್‌ನಲ್ಲಿ ಸ್ತ್ರೀಯು ಮಿತಿಯಲ್ಲಿ ಧರಿಸಲೆಂದು ಇಟ್ಟುಕೊಂಡ ಒಡವೆಗೆ ಝಕಾತ್ ಇಲ್ಲ, ಕೂಡಿಡುವ ಉದ್ದೇಶದಿಂದ ಇಟ್ಟ ಚಿನ್ನಕ್ಕೆ ಇದೆ, ನಿಸಾಬನ್ನು ಅಪ್ಪಟ ಚಿನ್ನದ ತೂಕದಲ್ಲಿ, ಸುಮಾರು 85 ಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಆದುದರಿಂದ "ಎಲ್ಲಿದೆ" ಎಂಬ ಅಂಕಣದ ಪಕ್ಕದಲ್ಲಿ "ಧರಿಸಲು" ಅಥವಾ "ಕೂಡಿಟ್ಟದ್ದು" ಎಂದು ಒಂದು ಪದ ಬರೆದಿಟ್ಟರೆ ಪ್ರತಿ ರಮಳಾನಿನಲ್ಲಿ ಉಸ್ತಾದರ ಮುಂದೆ ತಡವರಿಸಬೇಕಾಗಿಲ್ಲ.

ಇನ್ನು ಮಗಳ ಎರಡು ಬಳೆಗಳಿಗೆ ಬರೋಣ. ನಿಜ ಹೇಳಬೇಕೆಂದರೆ ನನ್ನ ನಿದ್ದೆ ಕೆಡಿಸಿದ್ದು ಅವೇ. ತಾಯಿ ಹಾಗೆ ಹೇಳುತ್ತಿದ್ದರು ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ "ಅವು ನಿನ್ನವು" ಎಂದು ಬಾಯಲ್ಲಿ ಹೇಳಿದ ಮಾತ್ರಕ್ಕೆ ಹಿಬಾ, ಅಂದರೆ ಕೊಡುಗೆ, ಪೂರ್ತಿಯಾಗುವುದಿಲ್ಲ. ಕೊಟ್ಟ ವಸ್ತು ಪಡೆಯುವವರ ವಶಕ್ಕೆ ಬರಬೇಕೆಂದು ಹನಫಿ ಮತ್ತು ಶಾಫಿಈ ಕರ್ಮಶಾಸ್ತ್ರಗಳೆರಡೂ ಹೇಳುತ್ತವೆ. ಬಳೆಗಳು ಕೊನೆಯವರೆಗೂ ತಾಯಿಯ ಕೈಯಲ್ಲಿಯೇ ಇದ್ದವು. ಮಗಳು ಒಮ್ಮೆಯೂ ಅವನ್ನು ತನ್ನದಾಗಿ ಪಡೆದುಕೊಂಡಿರಲಿಲ್ಲ. "ನನ್ನ ನಂತರ ನಿನಗೆ" ಎಂಬ ಅರ್ಥದಲ್ಲಿ ಹೇಳಿದ್ದರೆ ಅದು ವಸಿಯ್ಯತ್ ಆಗುತ್ತದೆ, ವಾರೀಸುದಾರರಿಗೆ ಮಾಡಿದ ವಸಿಯ್ಯತ್ ಉಳಿದ ವಾರೀಸುದಾರರು ಒಪ್ಪದೆ ನಡೆಯುವುದಿಲ್ಲ. ಹೀಗೆ ಎರಡು ಬಾಗಿಲುಗಳೂ ಮುಚ್ಚಿದವು.

ತಾಯಿ ಬದುಕಿದ್ದಾಗ ಇದಕ್ಕೆ ಬೇಕಾಗಿದ್ದುದು ಹತ್ತು ನಿಮಿಷ. ಸಾಕ್ಷಿಗಳ ಎದುರು ಬಳೆಗಳನ್ನು ಬಿಚ್ಚಿ ಮಗಳ ಕೈಗೆ ಕೊಡುವುದು, ಅವಳು ಪಡೆದುಕೊಳ್ಳುವುದು, ಬೇಕಿದ್ದರೆ ಅವಳೇ ಅವನ್ನು ಜೋಪಾನಕ್ಕೆಂದು ತಾಯಿಯ ಬಳಿ ಹಿಂದಿರುಗಿಸುವುದು. ಆಮೇಲೆ ಪುಸ್ತಕದಲ್ಲಿ ಇಷ್ಟು ಬರೆಯುವುದು: "ಬಳೆ 2, ಕಲ್ಲಿಲ್ಲ, 24.000 ಗ್ರಾಂ, ಮುದ್ರೆಯಿಲ್ಲ, ಬಿಲ್ಲು ಇಲ್ಲ, ಒಂದರ ಬೆಸುಗೆ ಕಾಣುತ್ತದೆ. ಈ ದಿನಾಂಕದಂದು ಮಗಳಿಗೆ ಕೊಟ್ಟಿದ್ದೇನೆ, ಅವಳು ಪಡೆದುಕೊಂಡಿದ್ದಾಳೆ. ಈಗ ನನ್ನ ಬಳಿ ಅಮಾನತ್ ಆಗಿ ಇವೆ." ಕೆಳಗೆ ಇಬ್ಬರ ಸಹಿ, ಸಾಕ್ಷಿಗಳ ಸಹಿ. ಬರಹವೊಂದೇ ಕೊಡುಗೆಯಾಗುವುದಿಲ್ಲ ಎಂಬುದನ್ನು ಸಹೋದರಿಯರು ನೆನಪಿಡಬೇಕು. ವಸ್ತು ಮೊದಲು ಕೈ ಬದಲಾಯಿಸಬೇಕು, ಬರಹವು ಅದರ ಸಾಕ್ಷಿ. ಮಗು ಅಪ್ರಾಪ್ತವಾಗಿದ್ದರೆ ಅದರ ಪರವಾಗಿ ತಂದೆ ಪಡೆದುಕೊಳ್ಳಬಹುದು.

ಪತಿಯ ವ್ಯಾಪಾರಕ್ಕಾಗಿ ಪತ್ನಿಯ ಸರವನ್ನು ಅಡವಿಡುವ ಮನೆಗಳಲ್ಲಿಯೂ ಇದೇ ಕಥೆ. "ಆರು ತಿಂಗಳಲ್ಲಿ ಬಿಡಿಸಿ ಕೊಡುತ್ತೇನೆ" ಎಂಬ ಮಾತು ಆರು ವರ್ಷಗಳಾಗುತ್ತದೆ, ಸರ ಹರಾಜಾಗುತ್ತದೆ. ಅದು ಪತಿಯ ಮೇಲೆ ಪತ್ನಿಯ ಸಾಲ. ಮೇಲೆ ಹೇಳಿದ ದೀರ್ಘ ಸೂಕ್ತ ಅದಕ್ಕೂ ಅನ್ವಯಿಸುತ್ತದೆ. ಅಡವಿನ ಚೀಟಿಯ ನಕಲನ್ನೂ ನೆಟ್ ತೂಕವನ್ನೂ ಅದೇ ಪುಸ್ತಕದಲ್ಲಿ ಇಡಬೇಕು. ಗಂಡಸರು ಇದನ್ನು ಓದಿ ಮುಖ ಗಂಟಿಕ್ಕಬಾರದು.

ಪುಸ್ತಕವನ್ನು ಎಲ್ಲಿಡಬೇಕು? ಒಡವೆಯ ಜೊತೆಯಲ್ಲಂತೂ ಅಲ್ಲ. ಕಳ್ಳನು ಒಡವೆಯೊಂದಿಗೆ ಪಟ್ಟಿಯನ್ನೂ ಕೊಂಡು ಹೋದರೆ ಏನು ಪ್ರಯೋಜನ? ಎರಡು ಪ್ರತಿ ಮಾಡಿ ಒಂದನ್ನು ತಾವು ಇಟ್ಟುಕೊಂಡು, ಇನ್ನೊಂದನ್ನು ಮುಚ್ಚಿದ ಲಕೋಟೆಯಲ್ಲಿ ನಂಬಿಕಸ್ಥರೊಬ್ಬರ ಬಳಿ ಇಡಬಹುದು. ಬ್ಯಾಂಕಿನ ಲಾಕರಿನಲ್ಲಿ ಒಡವೆ ಇಟ್ಟವರು ಒಂದು ವಿಷಯ ತಿಳಿದಿರಬೇಕು. ಒಳಗೆ ಏನಿದೆಯೆಂಬ ದಾಖಲೆ ಬ್ಯಾಂಕಿನ ಬಳಿ ಇರುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ನೌಕರರ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ. ಲಾಕರಿಗೆ ನಾಮಿನಿಯಾದವರು ಅದನ್ನು ತೆರೆದು ವಸ್ತುಗಳನ್ನು ಪಡೆಯಬಹುದು, ಆದರೆ ನಾಮಿನಿಯಾದ ಕಾರಣಕ್ಕೆ ಅವು ಅವರದಾಗುವುದಿಲ್ಲ. ವಾರೀಸುದಾರರಿಗೆ ತಲುಪಿಸುವ ಹೊಣೆ ಅವರ ಮೇಲಿರುತ್ತದೆ. ವಸಿಯ್ಯತ್ ಮಾಡಬೇಕಾದ ಏನಾದರೂ ಇರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂಬ ಹದೀಸನ್ನು ವರದಿ ಮಾಡಿದ ಇಬ್ನು ಉಮರ್(ರ), ಅದನ್ನು ಕೇಳಿದಂದಿನಿಂದ ತಮ್ಮ ವಸಿಯ್ಯತನ್ನು ಬರೆದೇ ಇಟ್ಟಿದ್ದರು. ಪರರ ಅಮಾನತ್ ಕೈಯಲ್ಲಿರುವವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಆ ಮನೆಯ ಹಂಚಿಕೆ ಹೀಗೆ ಮುಗಿಯಿತು. ಎರಡು ಬಳೆಗಳ 20 ಗ್ರಾಂ ಅಪ್ಪಟ ಚಿನ್ನದಲ್ಲಿ ತಂದೆಯ ಪಾಲು 5 ಗ್ರಾಂ, ಮಗನದು 10, ಮಗಳದು 5. ಹಿರಿಯರು ಕೂಡಲೇ, "ನನ್ನ 5 ಗ್ರಾಂ ಅವಳಿಗೇ ಇರಲಿ, ಅವಳ ಉಮ್ಮ ಹೇಳಿದ್ದನ್ನು ನಾನೂ ಕೇಳಿದ್ದೇನೆ" ಎಂದರು. ಮಗನು ಬಹಳ ಹೊತ್ತು ಸುಮ್ಮನೆ ಕುಳಿತು, ತನಗೂ ಸಾಲವಿದೆ, ತನ್ನ ಪಾಲು ತನಗೆ ಬೇಕು ಎಂದನು. ಅದು ಅವನ ಹಕ್ಕು. ಅವನು ತಪ್ಪು ಮಾಡಿದನೆಂದು ನಾನು ಹೇಳಲಾರೆ. ಮಗಳು ಒಂದು ಮಾತೂ ಆಡದೆ ತನ್ನದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ನಂತರದ ಎರಡು ಈದ್‌ಗಳಿಗೂ ಅವಳು ತವರಿಗೆ ಬರಲಿಲ್ಲವೆಂದು ಆ ಹಿರಿಯರೇ ಒಂದು ಶುಕ್ರವಾರ ಜುಮಾದ ನಂತರ ನನ್ನಲ್ಲಿ ಹೇಳಿದರು. ಹೇಳಿ, ಜೇಬಿನಿಂದ ಒಂದು ನೂರು ಪುಟದ ನೋಟ್‌ಬುಕ್ ತೆಗೆದು, "ಸೊಸೆಯದನ್ನೆಲ್ಲ ಇದರಲ್ಲಿ ಬರೆಸಿದ್ದೇನೆ, ಸಾಕ್ಷಿಗೆ ನಿಮ್ಮ ಸಹಿ ಬೇಕು" ಎಂದರು. ಬರಹ ಸೊಸೆಯದೇ. ಮೊದಲ ಪುಟದಲ್ಲಿ ಆ ಸರವಿತ್ತು: 23.940 ಗ್ರಾಂ, ಮಹ್ರ್, 2019.